ತುಂಡಾದ ಫೈಬರ್: ಬೆಸುಗೆಯೋ, ಕ್ಲಿಪ್ಪೋ?

ಜೆಸಿಬಿ ಹಲ್ಲಿಗೆ ಸಿಕ್ಕಿ ಹರಿದ ಫೈಬರ್ ಕೇಬಲ್‌ಗೆ ನಡುವೆ ಹೊಸ ತುಂಡು ಸೇರಿಸಿದರೆ, ಪ್ರತಿ ಎಳೆಗೂ ಎರಡು ಜೋಡಣೆ ಬೇಕು. ಫ್ಯೂಷನ್ ಸ್ಪ್ಲೈಸರ್ ವಿದ್ಯುತ್ ಕಿಡಿಯಿಂದ ಗಾಜನ್ನೇ ಕರಗಿಸಿ ಬೆಸೆಯುತ್ತದೆ. ಬೆಳಕಿನ ನಷ್ಟ ಸಾಮಾನ್ಯವಾಗಿ 0.05 ಡಿಬಿ. ಮೆಕ್ಯಾನಿಕಲ್ ಸ್ಪ್ಲೈಸ್‌ನಲ್ಲಿ ತುದಿಗಳು ಪುಟ್ಟ ಕ್ಲಿಪ್ಪಿನೊಳಗೆ ಎದುರುಬದುರು ಕೂರುತ್ತವೆ, ಸಂದಿಯನ್ನು ಜೆಲ್ ತುಂಬುತ್ತದೆ, ನಷ್ಟ 0.3 ಡಿಬಿ ಆಸುಪಾಸು. ಎರಡು ಜೋಡಣೆಗೆ 0.6 ಆಯಿತು, ಅಂದರೆ ಒಂದೂಮುಕ್ಕಾಲು ಕಿಲೋಮೀಟರ್ ಫೈಬರ್ ನುಂಗುವಷ್ಟು. ದೂರದ ಮಾರ್ಗಕ್ಕೆ ಇದು ದುಬಾರಿ. ಮನೆಯೊಂದರ ಒಂಟಿ ಎಳೆಗೆ, ಯಂತ್ರ ಬರುವ ತನಕ, ಕ್ಲಿಪ್ ಸಾಕು.

ಸ್ಟ್ರಿಪ್ಪರ್, ಆಲ್ಕೋಹಾಲ್, ಕ್ಲೀವರ್ ಎರಡಕ್ಕೂ ಬೇಕು. ಕ್ಲೀವರ್ ಕಡಿತ ಓರೆಯಾದರೆ ಸ್ಪ್ಲೈಸರ್ ಪರದೆಯಲ್ಲೇ ಎಚ್ಚರಿಸುತ್ತದೆ. ಕ್ಲಿಪ್ ಮಾತ್ರ ಬಾಯಿ ಬಿಡುವುದಿಲ್ಲ. ಪವರ್ ಮೀಟರ್ ಹಿಡಿದಾಗಲೇ ಗೊತ್ತಾಗುವುದು.