ಒಂದೇ ಬಿಲ್ ಎರಡು ಸಲ ಬಂದದ್ದೇಕೆ?

ತಿಂಗಳ ಮೊದಲ ರಾತ್ರಿ ಸರ್ವರ್ ನೂರಾರು ಇನ್‌ವಾಯ್ಸ್‌ಗಳನ್ನು ಸರದಿಯಲ್ಲಿಟ್ಟು ಒಂದೊಂದಾಗಿ ಈಮೇಲ್ ಮಾಡುತ್ತದೆ. ಪತ್ರ ಸಿಕ್ಕಿತೆಂದು ಆಚೆ ಕಡೆಯ ಸರ್ವರ್ `250` ಎಂದು ಉತ್ತರಿಸಬೇಕು. ಅಷ್ಟರಲ್ಲೇ ಸಂಪರ್ಕ ಕಡಿದರೆ? ಹೋಯಿತೋ ಇಲ್ಲವೋ ಗೊತ್ತಾಗದೆ ಮತ್ತೆ ಕಳಿಸುತ್ತದೆ. ಗ್ರಾಹಕರಿಗೆ ಎರಡು ಬಿಲ್. ಹಳೇ ತಕರಾರೇ ಇದು: 1988ರ ಆರ್‌ಎಫ್‌ಸಿ 1047 ಇದನ್ನೇ ವಿವರಿಸುತ್ತದೆ.

ಅದಕ್ಕೇ ಪ್ರತಿ ಬಿಲ್ಲಿಗೂ `invoice-4127` ಎಂಬಂಥ ಗುರುತು ಕೊಟ್ಟು, ಡೇಟಾಬೇಸ್‌ನಲ್ಲಿ ಅದು ಎರಡನೇ ಸಲ ದಾಖಲಾಗದಂತೆ ತಡೆಯುತ್ತಾರೆ. ಎರಡು ಪ್ರೋಗ್ರಾಂಗಳು ಒಂದೇ ಬಿಲ್ಲಿಗೆ ಕೈಹಾಕುವುದು ಇದರಿಂದ ತಪ್ಪುತ್ತದೆ. `451` ಬಂದರೆ ತಾತ್ಕಾಲಿಕ ತೊಂದರೆ: ಒಂದು ನಿಮಿಷ, ಐದು ನಿಮಿಷ, ಅರ್ಧ ಗಂಟೆ ಎಂದು ಬಿಡುವು ಹಿಗ್ಗಿಸುತ್ತ ಮರುಯತ್ನ. `550` ಬಂದರೆ ಅಲ್ಲಿಗೇ ನಿಲ್ಲಿಸಬೇಕು.

ಇಷ್ಟಾದರೂ ‘ಕಳಿಸಲಾಗುತ್ತಿದೆ’ ಎಂಬಲ್ಲೇ ಸಿಕ್ಕಿಬಿದ್ದ ಬಿಲ್ಲುಗಳಿರುತ್ತವೆ. ಅವನ್ನು ಕುರುಡಾಗಿ ಮರುಕಳಿಸದೆ, ಮೇಲ್ ಸೇವೆಯ ಲಾಗ್‌ನಲ್ಲಿ ಅದೇ ಗುರುತು ಹುಡುಕಿ ನೋಡುವುದು ಕ್ಷೇಮ.