ಮದುವೆಗೆ ಮುಂಚಿನ ಅಳುಕಿಗೆ ಏನೆಂದು ಉತ್ತರ ಬರೆಯಬೇಕು?

ನಿಶ್ಚಿತಾರ್ಥ ಮುಗಿದಿದೆ, ಲಗ್ನಪತ್ರಿಕೆ ಹಂಚುತ್ತಿದ್ದಾರೆ, ಮದುವೆಗೆ ಇನ್ನು ಮೂರು ವಾರ. ರಾತ್ರಿ ಹನ್ನೊಂದಕ್ಕೆ ಮೈಸೂರಿನ ಹುಡುಗಿಯಿಂದ ಬೆಂಗಳೂರಿನ ಹುಡುಗನಿಗೆ ವಾಟ್ಸಾಪ್ ಬರುತ್ತದೆ: ‘ಯಾಕೋ ತುಂಬ ಭಯ ಆಗ್ತಿದೆ. ನಾವು ಅವಸರ ಮಾಡ್ತಿದ್ದೀವಾ ಅನ್ನಿಸ್ತಿದೆ. ನಿಮಗೆ ಹೇಳದೆ ಇರೋಕಾಗ್ಲಿಲ್ಲ.’ ಇದು ಉದಾಹರಣೆಗೆಂದು ಹೆಣೆದ ಸನ್ನಿವೇಶ. ಆದರೆ ಮದುವೆ ಗೊತ್ತಾದ ಅನೇಕರಿಗೆ ಇದರ ಪರಿಚಯವಿರುತ್ತದೆ.

ಹುಡುಗನ ಬೆರಳು ತಕ್ಷಣ ಒತ್ತುವ ಉತ್ತರ ಹೀಗಿರುತ್ತದೆ: ‘ಏನೂ ಆಗಲ್ಲ, ಎಲ್ರಿಗೂ ಹೀಗೇ ಆಗುತ್ತೆ, ಜಾಸ್ತಿ ಯೋಚನೆ ಮಾಡ್ಬೇಡ.’ ಪ್ರೀತಿಯಿಂದಲೇ ಹೇಳಿದ ಮಾತು. ಆದರೆ ಓದಿದವಳಿಗೆ ಇನ್ನು ಈ ವಿಷಯ ಎತ್ತಬಾರದು ಎಂದೇ ಅನ್ನಿಸುತ್ತದೆ. ‘ಛತ್ರಕ್ಕೆ ಅಡ್ವಾನ್ಸ್ ಕೊಟ್ಟಾಗಿದೆ’ ಎಂದು ಸೇರಿಸಿದರಂತೂ ಭಯದ ಮೇಲೆ ಅಪರಾಧಭಾವವೂ ಕೂರುತ್ತದೆ.

‘ಎಲ್ರಿಗೂ ಆಗುತ್ತೆ’ ಎಂಬುದು ಅರ್ಧ ಮಾತ್ರ ನಿಜ. ಅಮೆರಿಕದ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 232 ನವದಂಪತಿಗಳನ್ನು ನಾಲ್ಕು ವರ್ಷ ಗಮನಿಸಿ 2012ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮದುವೆಗೆ ಮುಂಚೆ ಹಿಂಜರಿಕೆ ಇತ್ತೆಂದು ಗಂಡಂದಿರಲ್ಲಿ ಶೇ. 47, ಹೆಂಡತಿಯರಲ್ಲಿ ಶೇ. 38 ಮಂದಿ ಒಪ್ಪಿಕೊಂಡಿದ್ದರು. ಹಿಂಜರಿದಿದ್ದ ಹೆಂಗಸರಲ್ಲಿ ನಾಲ್ಕು ವರ್ಷದೊಳಗೆ ವಿಚ್ಛೇದನವಾದವರು ಶೇ. 19, ಹಿಂಜರಿಕೆ ಇಲ್ಲದವರಲ್ಲಿ ಶೇ. 8. ಅಲ್ಲಿನ ಮದುವೆಗಳು ನಮ್ಮವುಗಳಂತಲ್ಲ, ಆ ಅಂಕಿಗಳನ್ನು ಹಾಗೆಯೇ ಇಲ್ಲಿಗೆ ತರಲಾಗದು. ಆದರೂ ತಿಳಿಯಬೇಕಾದ ಎರಡು ಸಂಗತಿ ಅದರಲ್ಲಿವೆ. ಹಿಂಜರಿದವರಲ್ಲಿ ಹೆಚ್ಚಿನವರ ಮದುವೆ ಉಳಿಯಿತು; ಹಾಗೆಂದು ಹಿಂಜರಿಕೆಯನ್ನು ಕಡೆಗಣಿಸುವಂತೆಯೂ ಇಲ್ಲ.

ಹಾಗಾಗಿ ಮೊದಲು ತಿಳಿಯಬೇಕಾದ್ದು ಭಯ ಯಾವುದರ ಬಗ್ಗೆ ಎಂಬುದು. ಜನಜಂಗುಳಿ, ಶಾಸ್ತ್ರಗಳು, ತವರು ಬಿಡುವ ಸಂಕಟ ಇವೆಲ್ಲ ಬಂದು ಹೋಗುವ ಅಳುಕು. ನಿದ್ದೆ ಮಾಡಿ ಎದ್ದರೆ, ಯಾರೊಂದಿಗಾದರೂ ಮಾತಾಡಿದರೆ ಹಗುರಾಗುತ್ತದೆ. ಮದುವೆಯ ನಂತರದ ಬದುಕಿನ ಬಗೆಗಿನ ಅನುಮಾನ ಹಾಗಲ್ಲ. ಅದು ಒಂದೇ ಪ್ರಶ್ನೆಯನ್ನು ಹಿಡಿದು ಮತ್ತೆ ಮತ್ತೆ ಬರುತ್ತದೆ. ನಮ್ಮ ಹುಡುಗಿಗೆ ಮೈಸೂರಿನಲ್ಲಿ ಕೆಲಸವಿದೆ. ಮದುವೆಯಾದ ಮೇಲೆ ಅದೇನಾಗುತ್ತದೆ ಎಂದು ಎರಡು ಸಲ ಕೇಳಿದ್ದಾಳೆ. ‘ಅಮ್ಮನ ಹತ್ರ ಮಾತಾಡಿ ನೋಡೋಣ’ ಎಂದವನು ಇನ್ನೂ ಮಾತಾಡಿಲ್ಲ.

ಇಷ್ಟು ನೆನಪಾದ ಮೇಲೆ ಅವನು ಹೀಗೆ ಬರೆಯಬಹುದು:

‘ಓದಿದೆ. ಹೇಳಿದ್ದು ಒಳ್ಳೇದಾಯ್ತು, ನನಗೆ ಖಂಡಿತ ಬೇಜಾರಿಲ್ಲ. ನಿನ್ನ ಕೆಲಸದ ವಿಷಯ ಅಮ್ಮನ ಹತ್ರ ಮಾತಾಡ್ತೀನಿ ಅಂದಿದ್ದೆ, ಇನ್ನೂ ಮಾತಾಡಿಲ್ಲ. ಭಾನುವಾರದೊಳಗೆ ಮಾತಾಡಿ, ಏನಂದ್ರು ಅಂತ ಇದ್ದದ್ದು ಇದ್ದ ಹಾಗೆ ಹೇಳ್ತೀನಿ. ಬೇರೆ ಏನಾದ್ರೂ ಕಾಡ್ತಿದ್ರೆ, ಅದು ನನ್ನ ಬಗ್ಗೆ ಆಗಿದ್ರೂ ಹೇಳು. ಇದನ್ನ ಮನೇಲಿ ಯಾರಿಗೂ ತೋರಿಸಲ್ಲ. ಈಗ ಉತ್ತರ ಬೇಡ, ಮಲಗು. ನಾಳೆ ಸಂಜೆ ಫೋನ್ ಮಾಡ್ಲಾ?’

ಇಲ್ಲಿ ಧೈರ್ಯ ಕೊಡುವುದು ‘ಭಾನುವಾರದೊಳಗೆ’ ಎಂಬ ಗಡುವು. ‘ನಾನಿದ್ದೀನಿ’ ಎಂಬ ಮಾತನ್ನು ಪರೀಕ್ಷಿಸಲಾಗದು. ಗಡುವು ಕೊಟ್ಟ ಕೆಲಸ ಆಯಿತೋ ಇಲ್ಲವೋ ಕಾಣುತ್ತದೆ. ‘ನನ್ನ ಬಗ್ಗೆ ಆಗಿದ್ರೂ’ ಎಂಬುದನ್ನು ಬರೆಯುವುದು ಕಷ್ಟ, ಆದರೆ ಆ ಅನುಮತಿ ಸಿಗದೆ ಎಷ್ಟೋ ಅನುಮಾನಗಳು ಬಾಯಿಗೆ ಬರುವುದೇ ಇಲ್ಲ. ಮನೆಯವರಿಗೆ ತೋರಿಸುವುದಿಲ್ಲ ಎಂಬ ಭರವಸೆಯೂ ಬೇಕು. ರಾತ್ರಿಯ ಒಂದು ಮೆಸೇಜು ಬೆಳಗಾಗುವುದರಲ್ಲಿ ಎರಡೂ ಕುಟುಂಬಗಳ ರಗಳೆಯಾದರೆ ಅವಳು ಮತ್ತೆಂದೂ ಮನಸ್ಸು ಬಿಚ್ಚಲಾರಳು.

ಮರುದಿನ ಫೋನಿನಲ್ಲಿ ಒಂದು ಪ್ರಶ್ನೆ ಸಾಕು: ‘ಮದುವೆ ದಿನ ನೆನೆಸ್ಕೊಂಡ್ರೆ ಭಯಾನಾ, ಆಮೇಲಿನ ದಿನಗಳನ್ನ ನೆನೆಸ್ಕೊಂಡ್ರಾ?’ ಕೇಳಿ ಸುಮ್ಮನಿರಬೇಕು. ಮದುವೆ ದಿನದ್ದೇ ಆದರೆ ಶಾಸ್ತ್ರಗಳನ್ನೋ ಅತಿಥಿಗಳನ್ನೋ ಕಡಿಮೆ ಮಾಡಬಹುದು. ಕೆಲಸ, ಊರು, ಹಣ, ಅತ್ತೆಮನೆಯ ವಾಸ ಆದರೆ ಮುಹೂರ್ತಕ್ಕೆ ಮುಂಚೆಯೇ ಕೂತು ಇತ್ಯರ್ಥ ಮಾಡಿಕೊಳ್ಳಬೇಕು.

ಸಮಾಧಾನದ ಮಾತು ಸಲ್ಲದ ಸಂದರ್ಭಗಳೂ ಇವೆ. ಸಂಗಾತಿಯ ಸಿಟ್ಟು, ಫೋನ್ ಪರಿಶೀಲಿಸುವ ಚಾಳಿ, ಸುಳ್ಳು, ವರದಕ್ಷಿಣೆಯ ಬೇಡಿಕೆ, ಮನೆಯವರ ಬಲವಂತ ಇವುಗಳಿಂದ ಹುಟ್ಟಿದ ಭಯಕ್ಕೆ ಕಾರಣವಿದೆ; ಅದನ್ನು ತಣಿಸಲು ಹೋಗಬಾರದು.

ಮಾತಾಡಿದ ಮೇಲೂ ಅವಳು ‘ಇನ್ನೂ ಸ್ವಲ್ಪ ಸಮಯ ಬೇಕು’ ಎಂದರೆ ಮುಹೂರ್ತ ಮುಂದಕ್ಕೆ ಹೋಗಲಿ. ಅದನ್ನು ಮನೆಯವರಿಗೆ ‘ನಾವಿಬ್ಬರೂ ಯೋಚಿಸಿದ್ದೇವೆ’ ಎಂದು ಹುಡುಗನೇ ಹೇಳಬೇಕು. ಊರವರ ಮಾತಿಗೆಲ್ಲ ಅವಳೊಬ್ಬಳೇ ಗುರಿಯಾಗದಂತೆ ನೋಡಿಕೊಂಡರೆ, ಅವನು ಬರೆದ ಒಂದೊಂದು ಮಾತನ್ನೂ ಅವಳು ನಂಬಬಹುದು.