ವರ್ಷದ ರಜೆಗೆ ಒಂದೇ ಹಾಳೆ

ಹುಬ್ಬಳ್ಳಿ ಮತ್ತು ಧಾರವಾಡಗಳ ನಡುವೆ ಇರುವ ನವನಗರದ ಕಚೇರಿಗಳಿಗೆ ಎರಡೂ ಊರುಗಳಿಂದ ನೌಕರರು ಬರುತ್ತಾರೆ. ಸುತ್ತಲಿನ ಹಳ್ಳಿಗಳಿಂದ ಬರುವವರೂ ಉಂಟು. ಆದ್ದರಿಂದ ನಾಗರ ಪಂಚಮಿ ಸಮೀಪಿಸಿದಂತೆ ವ್ಯವಸ್ಥಾಪಕರ ಮೇಜಿನ ಮೇಲೆ ರಜೆ ಅರ್ಜಿಗಳು ಒಮ್ಮೆಲೇ ಬಂದು ಬೀಳುತ್ತವೆ. ತಂಗಿಯನ್ನು ತವರಿಗೆ ಕರೆತರಬೇಕಾದವರು, ತಾವೇ ತವರಿಗೆ ಹೊರಟವರು ಎಲ್ಲರೂ ಕೇಳುವುದು ಅವೇ ಎರಡು ದಿನಗಳನ್ನು. ವರ್ಷಾರಂಭದಲ್ಲಿಯೇ ಪ್ರತಿಯೊಬ್ಬ ನೌಕರನು ತನ್ನ ಇಡೀ ವರ್ಷದ ರಜೆಯನ್ನು ಒಂದೇ ಹಾಳೆಯಲ್ಲಿ ಬರೆದು ಕೊಟ್ಟರೆ ಈ ಇಕ್ಕಟ್ಟು ಡಿಸೆಂಬರಿನಲ್ಲಿಯೇ ಕಣ್ಣಿಗೆ ಬೀಳುತ್ತದೆ.

ಮೊದಲು ಸಂಸ್ಥೆಯು ತನ್ನ ರಜಾದಿನಗಳ ಪಟ್ಟಿಯನ್ನು ಪ್ರಕಟಿಸಬೇಕು. ರಾಜ್ಯದ 1963ರ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯಿದೆಯ ಮೇರೆಗೆ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ನಿಗದಿಯಾದ ದಿನಗಳು. ಇವಲ್ಲದೆ ಐದು ಹಬ್ಬಗಳಿಗೆ ರಜೆ ಸಲ್ಲುತ್ತದೆ. ಆ ಐದು ಹಬ್ಬಗಳು ಯಾವುವೆಂದು ತಿಳಿಯದೆ ನೌಕರನು ಯೋಜನೆ ಬರೆದರೆ, ಹೇಗೂ ಸಿಗುವ ದಿನಕ್ಕೆ ತನ್ನ ಗಳಿಕೆ ರಜೆಯನ್ನು ಖರ್ಚು ಮಾಡಿಕೊಳ್ಳುತ್ತಾನೆ. ನಮ್ಮ ಭಾಗದಲ್ಲಿ ಪಂಚಮಿ ದೊಡ್ಡ ಹಬ್ಬವಾದರೂ ಅನೇಕ ಪಟ್ಟಿಗಳಲ್ಲಿ ಅದಕ್ಕೆ ಸ್ಥಾನವಿರುವುದಿಲ್ಲ ಎಂಬುದನ್ನು ಇಲ್ಲಿಯೇ ಗಮನಿಸಬೇಕು.

2026ನೆಯ ವರ್ಷವನ್ನು ಇಟ್ಟುಕೊಂಡು ಒಂದು ಯೋಜನೆಯನ್ನು ಬರೆದು ನೋಡೋಣ. ನವನಗರದ ಒಂದು ವಿತರಣಾ ಸಂಸ್ಥೆಯ ಲೆಕ್ಕಪತ್ರ ವಿಭಾಗದ ಗುಮಾಸ್ತರೊಬ್ಬರು ಎಂದು ಭಾವಿಸಿರಿ. ರವಿವಾರ ವಾರದ ರಜೆ. ಹಿಂದಿನ ವರ್ಷ 300 ದಿನ ದುಡಿದಿದ್ದಾರೆ. 20 ದಿನಕ್ಕೆ ಒಂದರಂತೆ 15 ದಿನಗಳ ಗಳಿಕೆ ರಜೆ ಅವರ ಖಾತೆಯಲ್ಲಿದೆ.

ಆಗಸ್ಟ್ 15 ಶನಿವಾರ, ಮರುದಿನ ರವಿವಾರ, 17ರಂದು ಸೋಮವಾರ ಪಂಚಮಿ. 17 ಮತ್ತು 18ಕ್ಕೆ ರಜೆ ಕೇಳಿದರೆ ಎರಡು ದಿನಗಳ ವೆಚ್ಚದಲ್ಲಿ ನಾಲ್ಕು ದಿನ ಊರಲ್ಲಿರಬಹುದು. ಮೇ ತಿಂಗಳಲ್ಲಿ ಕುಟುಂಬದೊಡನೆ ಪ್ರವಾಸ ಹೋಗುವ ಆಸೆ. ಆದರೆ ಜಿಎಸ್‌ಟಿಆರ್-1 ಸಲ್ಲಿಸುವ ಕೊನೆಯ ದಿನ ಪ್ರತಿ ತಿಂಗಳ 11. ಆದುದರಿಂದ 12ರ ಮಂಗಳವಾರದಿಂದ 16ರ ಶನಿವಾರದವರೆಗೆ ಐದು ದಿನ ಎಂದು ಬರೆಯುತ್ತಾರೆ. 20ರೊಳಗೆ ಸಲ್ಲಿಸಬೇಕಾದ ಜಿಎಸ್‌ಟಿಆರ್-3ಬಿಗೆ ಮುನ್ನ ಅವರು ಮರಳಿರುತ್ತಾರೆ. ರೈಲ್ವೆ ಮುಂಗಡ ಕಾಯ್ದಿರಿಸುವ ಅವಧಿಯನ್ನು 2024ರ ನವೆಂಬರಿನಿಂದ 120 ದಿನಗಳಿಂದ 60ಕ್ಕೆ ಇಳಿಸಲಾಗಿದೆ. ಹಾಗಾಗಿ ಈ ಸಾಲಿಗೆ ಮಾರ್ಚ್ ಆರಂಭದೊಳಗೆ ಮಂಜೂರಾತಿ ಬೇಕೆಂದು ಅದರ ಪಕ್ಕದಲ್ಲಿಯೇ ನಮೂದಿಸುವುದು ಯುಕ್ತ. ಟಿಕೀಟು ಸಿಕ್ಕ ಮೇಲೆ ರಜೆ ಕೇಳುವುದು ವ್ಯವಸ್ಥಾಪಕರನ್ನು ಕಟ್ಟಿಹಾಕಿದಂತೆ.

ದೀಪಾವಳಿಯೇ ಕಠಿಣವಾದದ್ದು. ನವೆಂಬರ್ 8 ರವಿವಾರ ನರಕ ಚತುರ್ದಶಿ, 10 ಮಂಗಳವಾರ ಬಲಿಪಾಡ್ಯಮಿ. ಬಲಿಪಾಡ್ಯಮಿ ಸಂಸ್ಥೆಯ ಪಟ್ಟಿಯಲ್ಲಿದ್ದರೂ ನಡುವಿನ ಸೋಮವಾರ ಎಲ್ಲರಿಗೂ ಬೇಕು, ಮತ್ತು 11ರಂದೇ ಜಿಎಸ್‌ಟಿಆರ್-1. ಲೆಕ್ಕಪತ್ರ ವಿಭಾಗದಲ್ಲಿ ಇಬ್ಬರೇ ಇದ್ದರೆ ಆ ಸೋಮವಾರ ಒಬ್ಬರು ಇರಲೇಬೇಕು. ನಮ್ಮ ಗುಮಾಸ್ತರು 9ಕ್ಕೆ ಒಂದು ದಿನ ಬರೆದು, ಅಕ್ಟೋಬರ್ ಮಾರಾಟದ ಬಿಲ್ಲುಗಳನ್ನು 7ರ ಶನಿವಾರದೊಳಗೆ ತಾಳೆ ನೋಡಿ ಒಪ್ಪಿಸುವೆನೆಂದೂ, ಆ ದಿನ ಯಾರು ನೋಡಿಕೊಳ್ಳುವರೆಂದೂ ಸೇರಿಸಬೇಕು. ಒಟ್ಟು ಎಂಟು ದಿನಗಳಾದವು. ಉಳಿದ ಏಳನ್ನು ಜ್ವರ, ಮದುವೆ, ಸಾವು ನೋವುಗಳಿಗೆಂದು ಮುಟ್ಟದೆ ಬಿಡುವುದು ಒಳ್ಳೆಯದು.

ಹಳೆಯ ವರ್ಷದ ಹಾಳೆಯನ್ನು ನಕಲು ಮಾಡುವವರು ಇಲ್ಲಿ ಎಡವುತ್ತಾರೆ. 2025ರಲ್ಲಿ ಗಣೇಶ ಚತುರ್ಥಿ ಆಗಸ್ಟ್ 27ಕ್ಕೆ ಬಂದಿತ್ತು. 2026ರಲ್ಲಿ ಅಧಿಕ ಜ್ಯೇಷ್ಠದ ಕಾರಣ ಸೆಪ್ಟೆಂಬರ್ 14ಕ್ಕೆ ಸರಿದಿದೆ. ರಂಜಾನ್ ಹಬ್ಬವಂತೂ ಹಿಂದಿನ ಸಂಜೆಯ ಚಂದ್ರದರ್ಶನಕ್ಕೆ ಒಳಪಟ್ಟಿದ್ದು. ಅದನ್ನು ಒಂದೇ ತಾರೀಖಿಗೆ ಕಟ್ಟದೆ, ‘ಈ ಎರಡು ದಿನಗಳಲ್ಲಿ ಒಂದು’ ಎಂದು ಬರೆಯಲು ಮುಸ್ಲಿಂ ನೌಕರರಿಗೆ ಅವಕಾಶವಿರಬೇಕು. ಬಕ್ರೀದ್ ಹಾಗಲ್ಲ, ಸುಮಾರು ಹತ್ತು ದಿನ ಮೊದಲೇ ಖಚಿತವಾಗುತ್ತದೆ. ಆದ್ದರಿಂದ ಪ್ರತಿ ಸಾಲಿನ ಎದುರು ‘ಖಚಿತ’ ಅಥವಾ ‘ಬದಲಾಗಬಹುದು’ ಎಂಬ ಒಂದು ಅಂಕಣವಿರಲಿ.

ಮಂಜೂರು ಮಾಡುವವರಿಗೂ ಒಂದು ಮಾತು. ಮೊದಲು ಬಂದ ಹಾಳೆಗೆ ಮೊದಲು ಸಹಿ ಹಾಕುವ ರೂಢಿಯಿದ್ದರೆ ಚುರುಕಾದ ಒಬ್ಬನೇ ಪ್ರತಿ ದೀಪಾವಳಿಯನ್ನೂ ಪಡೆಯುತ್ತಾನೆ. ಒಂದು ಗಡುವು ಕೊಟ್ಟು, ವಿಭಾಗದ ಎಲ್ಲ ಹಾಳೆಗಳನ್ನೂ ಒಟ್ಟಿಗೆ ಇಟ್ಟು ನೋಡಿ, ಒಂದೇ ದಿನಕ್ಕೆ ಎರಡು ಹೆಸರು ಬಿದ್ದಲ್ಲಿ ಕಳೆದ ವರ್ಷ ಯಾರು ಹೋಗಿದ್ದರೆಂದು ರಜೆ ಪುಸ್ತಕದಲ್ಲಿ ಪರಿಶೀಲಿಸಬೇಕು. ಉತ್ತರವೂ ಸಾಲು ಸಾಲಾಗಿಯೇ ಇರಲಿ: ಇದು ಮಂಜೂರು, ಇದು ಇಲ್ಲ, ಇದಕ್ಕೆ ಇಂಥ ತಾರೀಖಿನೊಳಗೆ ಹೇಳುತ್ತೇವೆ. ‘ನೋಡೋಣ’ ಎಂಬ ಬಾಯಿಮಾತು, ವ್ಯವಸ್ಥಾಪಕರು ವರ್ಗವಾದ ದಿನವೇ ಇಲ್ಲವಾಗುತ್ತದೆ. ಲಿಖಿತ ಮಂಜೂರಾತಿ ಇದ್ದರೂ ಸಂಸ್ಥೆಯ ನಿಯಮದಂತೆ ಕೊಡಬೇಕಾದ ರಜೆ ಅರ್ಜಿಯನ್ನು ನೌಕರನು ಆಯಾ ಸಮಯಕ್ಕೆ ಕೊಡಲೇಬೇಕು. ಅದರಲ್ಲಿ ವಾರ್ಷಿಕ ಹಾಳೆಯ ತಾರೀಖನ್ನು ಉಲ್ಲೇಖಿಸಿದರೆ ಸಾಕು.